ಕೋಷ್ಟಕದಲ್ಲಿ ಸೀಮಾಂತ ವೆಚ್ಚ ಸರಾಸರಿಗೆ ಸಮ ಬರದಿದ್ದರೆ

ಪ್ರಶ್ನೆ: "ಸೀಮಾಂತ ವೆಚ್ಚದ ರೇಖೆ ಸರಾಸರಿ ವೆಚ್ಚವನ್ನು ಕನಿಷ್ಠ ಬಿಂದುವಿನಲ್ಲೇ ಕತ್ತರಿಸುತ್ತದೆ ಅಂತ ಬಾಯಿಪಾಠ ಮಾಡಿದ್ದೇನೆ. ಆದರೆ ಕೋಷ್ಟಕ ಹಾಕಿದರೆ ಎರಡೂ ಸಮ ಬರುವುದೇ ಇಲ್ಲ. ಕೋಷ್ಟಕ ಬಿಟ್ಟು ಅವಕಲನ ಕಲಿಯಬೇಕಾ? ಆ ಬಿಂದುವಿನಲ್ಲೇ ತಾನೇ ಸಂಸ್ಥೆ ಉತ್ಪಾದಿಸಬೇಕು?"

ಹಾಸನದಲ್ಲಿ ಡಿಗ್ರಿ ಓದುವಾಗ ಇದೇ ಕೋಷ್ಟಕ ನನ್ನ ಒಂದು ಇಡೀ ಪ್ರಶ್ನೆಯ ಅಂಕ ನುಂಗಿತ್ತು. ಅಂಕಿ ಸರಿ ಇತ್ತು, ಚಿತ್ರ ತಪ್ಪಿತ್ತು. ಎಲ್ಲಿ ತಪ್ಪಿತು ಅನ್ನುವುದು ಆಮೇಲೆ ಊರಿಗೆ ಹೋದಾಗ ಹೊಳೆಯಿತು. ನಮ್ಮದು ಸಕಲೇಶಪುರದ ಕಡೆ. ಕಾಫಿ ಕೊಯ್ಲಿನ ಸಮಯದಲ್ಲಿ ಚಿಕ್ಕಪ್ಪ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಬಾಡಿಗೆಗೆ ತಂದು ಅಕ್ಕಪಕ್ಕದವರ ಹಣ್ಣನ್ನೂ ಪಲ್ಪ್ ಮಾಡಿಕೊಡುತ್ತಿದ್ದರು. ಅದನ್ನೇ ಉದಾಹರಣೆ ಮಾಡಿಕೊಳ್ಳುತ್ತೇನೆ. ಅಂಕಿಗಳು ಮಾತ್ರ ಲೆಕ್ಕ ಸಲೀಸಾಗಲಿ ಅಂತ ನಾನೇ ಇಟ್ಟಿದ್ದು.

ಮೆಷಿನ್ ಒಂದೇ. ಅದರ ದಿನದ ಬಾಡಿಗೆ 1,600 ರೂಪಾಯಿ, ಓಡಿಸಿದರೂ ಅಷ್ಟೇ, ನಿಲ್ಲಿಸಿದರೂ ಅಷ್ಟೇ. ಆಳಿನ ಕೂಲಿ 400. ಉತ್ಪಾದನಾ ಫಲನ `Q = 2√L`. ಅಂದರೆ ಒಬ್ಬ ಆಳಿದ್ದರೆ ದಿನಕ್ಕೆ 2 ಕ್ವಿಂಟಾಲ್, ನಾಲ್ವರಿದ್ದರೆ 4, ಒಂಬತ್ತು ಜನ ಇದ್ದರೆ 6. ಮೆಷಿನ್ ಸುತ್ತ ಜನ ಹೆಚ್ಚಿದಷ್ಟೂ ಒಬ್ಬೊಬ್ಬರಿಂದ ಹೊಸದಾಗಿ ಸೇರುವ ಕೆಲಸ ಕಡಿಮೆ. ವೆಚ್ಚ ಬೇಕಾದರೆ ಫಲನವನ್ನು ತಿರುಗಿಸಿ: ಇಷ್ಟು ಕ್ವಿಂಟಾಲಿಗೆ ಎಷ್ಟು ಆಳು? `L = Q²/4`. ಅದನ್ನು ಕೂಲಿಯಿಂದ ಗುಣಿಸಿ ಬಾಡಿಗೆ ಸೇರಿಸಿದರೆ ಒಟ್ಟು ವೆಚ್ಚ TC ಸಿಗುತ್ತದೆ. AC ಅಂದರೆ ಕ್ವಿಂಟಾಲಿನ ಸರಾಸರಿ ವೆಚ್ಚ, MC ಅಂದರೆ ಸೀಮಾಂತ ವೆಚ್ಚ, ಇನ್ನೊಂದು ಕ್ವಿಂಟಾಲಿಗೆ ಹೆಚ್ಚುವರಿಯಾಗಿ ತಗಲುವುದು:

```
TC = 1600 + 100Q²
AC = 1600/Q + 100Q
MC = 200Q
```

ನಾನು ಕೋಷ್ಟಕ ಹಾಕಿದೆ. ಒಟ್ಟು ವೆಚ್ಚ 3 ಕ್ವಿಂಟಾಲಿಗೆ 2,500, ನಾಲ್ಕಕ್ಕೆ 3,200, ಐದಕ್ಕೆ 4,100. ಸರಾಸರಿ ಕ್ರಮವಾಗಿ 833, 800, 820. ಕನಿಷ್ಠ ಇರುವುದು ನಾಲ್ಕರಲ್ಲಿ. ಸೀಮಾಂತ ವೆಚ್ಚ ನೋಡಿದರೆ ನಾಲ್ಕನೇ ಕ್ವಿಂಟಾಲಿಗೆ 700, ಐದನೆಯದಕ್ಕೆ 900. 800 ಎಲ್ಲೂ ಇಲ್ಲ! ನಾನು 700ನ್ನು 4ರ ಮೇಲೆ, 900ನ್ನು 5ರ ಮೇಲೆ ಗುರುತಿಸಿ ಗೆರೆ ಎಳೆದೆ. ಅದು ಸರಾಸರಿಯನ್ನು ನಾಲ್ಕೂವರೆಯ ಹತ್ತಿರ, ಕನಿಷ್ಠ ದಾಟಿದ ಮೇಲೆ ಕತ್ತರಿಸಿತು. ಮೇಷ್ಟ್ರು ಕೆಂಪು ಇಂಕಿನಲ್ಲಿ ಅಡ್ಡಗೆರೆ ಹಾಕಿದರು.

ಆ 700 ನಾಲ್ಕರದ್ದಲ್ಲ. ಅದು ಮೂರರಿಂದ ನಾಲ್ಕಕ್ಕೆ ಹೋಗುವ ದಾರಿಯ ವೆಚ್ಚ, ಹಾಗಾಗಿ ಅದರ ಜಾಗ ಮೂರೂವರೆ. 900ರ ಜಾಗ ನಾಲ್ಕೂವರೆ. ಸೂತ್ರಕ್ಕೆ ಹಾಕಿ ನೋಡಿ: 200 × 3.5 = 700, 200 × 4.5 = 900. ಎರಡನ್ನೂ ಸೇರಿಸುವ ಗೆರೆ ಸರಿಯಾಗಿ 4ರಲ್ಲಿ 800ರ ಮೂಲಕ ಹಾಯುತ್ತದೆ. ಸರಾಸರಿಯ ಬಿಂದುವನ್ನು 4ರ ಮೇಲೆ ಇಡಿ, ಸೀಮಾಂತದ ಬಿಂದುವನ್ನು ಎರಡು ಸಂಖ್ಯೆಗಳ ನಡುವೆ ಇಡಿ. ನಿಮ್ಮ ಕೋಷ್ಟಕದ ಕಾಯಿಲೆಯೂ ಬಹುಶಃ ಇದೇ, ಅದಕ್ಕೆ ಅವಕಲನದ ಔಷಧಿ ಬೇಕಿಲ್ಲ.

ಇನ್ನು ಕನಿಷ್ಠದಲ್ಲೇ ಯಾಕೆ? ಮೂರು ಕ್ವಿಂಟಾಲಿನ ಸರಾಸರಿ 833 ಇರುವಾಗ ನಾಲ್ಕನೆಯದು 700ಕ್ಕೆ ಬಂದರೆ ಸರಾಸರಿ ಇಳಿಯಲೇಬೇಕು. 800 ಆದ ಮೇಲೆ ಐದನೆಯದು 900 ತಿಂದರೆ ಏರಲೇಬೇಕು. ಇಳಿಯುವುದು ನಿಂತು ಏರುವುದು ಶುರುವಾಗುವ ಕಡೆ ಎರಡೂ ಸಮ ಇರಬೇಕು. ಅವಕಲನ ಹೇಳುವುದೂ ಇಷ್ಟನ್ನೇ: `d(AC)/dQ = (MC − AC)/Q`. ಇದರಲ್ಲಿ ಅರ್ಥಶಾಸ್ತ್ರ ಏನೂ ಇಲ್ಲ ಅಂತಲೇ ನನ್ನ ವಾದ, ಇದು ಬರೀ ಸರಾಸರಿಯ ಲೆಕ್ಕ. ಬಾಯಿಪಾಠ ಮಾಡುವವರು ಎಡವುವುದು ಬೇರೆ ಕಡೆ: ಸರಾಸರಿ ಇಳಿಯುತ್ತಿದೆ ಅಂದರೆ ಸೀಮಾಂತವೂ ಇಳಿಯುತ್ತಿರಬೇಕು ಅಂದುಕೊಳ್ಳುತ್ತಾರೆ. ಇಲ್ಲಿ 2ರಿಂದ 4ರವರೆಗೆ ಸೀಮಾಂತ 400ರಿಂದ 800ಕ್ಕೆ ಏರುತ್ತಿದೆ, ಸರಾಸರಿ ಮಾತ್ರ 1,000ದಿಂದ 800ಕ್ಕೆ ಇಳಿಯುತ್ತಿದೆ. ಸೀಮಾಂತ ಸರಾಸರಿಗಿಂತ ಕೆಳಗಿದ್ದರೆ ಸಾಕು, ಅದರ ದಿಕ್ಕು ಯಾವುದಾದರೂ ಇರಲಿ.

ಪಠ್ಯಪುಸ್ತಕದಲ್ಲಿ ಸೀಮಾಂತ ರೇಖೆ ಮೊದಲು ಇಳಿದು ಆಮೇಲೆ ಏರುತ್ತದೆ. ಈ ಫಲನದಿಂದ ಆ ಆಕಾರ ಬರುವುದಿಲ್ಲ, ಯಾಕೆಂದರೆ ಇಲ್ಲಿ ಇಳಿಮುಖ ಪ್ರತಿಫಲ ಮೊದಲ ಆಳಿನಿಂದಲೇ ಶುರು. ಆ ಆಕಾರ ಬೇಕಾದರೆ ಆರಂಭದಲ್ಲಿ ಸೀಮಾಂತ ಉತ್ಪನ್ನ ಏರುವಂಥ ಫಲನ ತೆಗೆದುಕೊಳ್ಳಿ.

ಆ ಬಿಂದುವಿನಲ್ಲೇ ಉತ್ಪಾದಿಸಬೇಕು ಅನ್ನುವುದನ್ನಂತೂ ನಾನು ಒಪ್ಪುವುದಿಲ್ಲ. ಪಲ್ಪ್ ಮಾಡಿಕೊಡಲು ಕ್ವಿಂಟಾಲಿಗೆ 1,000 ರೂಪಾಯಿ ಸಿಗುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕಕ್ಕೇ ನಿಲ್ಲಿಸಿದರೆ ಚಿಕ್ಕಪ್ಪನಿಗೆ ಉಳಿಯುವುದು 800. ಸೀಮಾಂತ ವೆಚ್ಚ 1,000 ಮುಟ್ಟುವ ಐದರವರೆಗೆ ಹೋದರೆ 5,000ದಲ್ಲಿ 4,100 ಕಳೆದು 900. ಆರಕ್ಕೆ ಹೋದರೆ ಮತ್ತೆ 800. ಕನಿಷ್ಠ ಸರಾಸರಿಯಲ್ಲೇ ನಿಲ್ಲುವುದು ಸರಿಯಾಗುವುದು ದರ ಕೂಡ 800 ಇದ್ದಾಗ ಮಾತ್ರ, ಆಗ ಲಾಭ ಸೊನ್ನೆ.