ಎಕ್ಸ್‌ರೇ ನಾರ್ಮಲ್ ಇದ್ದರೂ ಬೌಲಿಂಗ್ ನಿಲ್ಲಿಸಿ

ಪ್ರಶ್ನೆ: ಮಗನಿಗೆ 15 ವರ್ಷ, ಬಲಗೈ ವೇಗದ ಬೌಲರ್. ಎರಡು ತಿಂಗಳಿಂದ ಸೊಂಟದ ಎಡಗಡೆ ನೋವು, ಬೆನ್ನು ಹಿಂದಕ್ಕೆ ಬಗ್ಗಿಸಿದರೆ ಚುಚ್ಚುತ್ತೆ ಅಂತಾನೆ. ಎಕ್ಸ್‌ರೇ ನಾರ್ಮಲ್. ಹದಿನೈದು ದಿನ ರೆಸ್ಟ್ ಕೊಟ್ಟೆವು, ನೋವು ಹೋಯ್ತು. ಬೌಲಿಂಗ್ ಶುರು ಮಾಡಿದ ಮೂರೇ ದಿನಕ್ಕೆ ಮತ್ತೆ ಬಂತು. ಮುಂದಿನ ತಿಂಗಳು ಸೆಲೆಕ್ಷನ್ ಇದೆ. ಇನ್ನೂ ಎಷ್ಟು ದಿನ ರೆಸ್ಟ್ ಬೇಕು ಡಾಕ್ಟ್ರೇ? (ತುಮಕೂರಿನ ಒಬ್ಬ ತಂದೆ)

ಸೆಲೆಕ್ಷನ್ ಬಿಡಿ. ಈ ಸಲದ್ದು ಹೋಯಿತು ಅಂದುಕೊಳ್ಳಿ. ಬೇಸಿಗೆ ಕ್ಯಾಂಪ್ ಮುಗಿದ ಮೇಲೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಊರು ಮಾತ್ರ ಬೇರೆ, ಒಮ್ಮೆ ತಿಪಟೂರು, ಒಮ್ಮೆ ಚಿಂತಾಮಣಿ, ಒಮ್ಮೆ ಮಾಲೂರು. ಅದೇ ನಾರ್ಮಲ್ ಎಕ್ಸ್‌ರೇ, ಅದೇ ಎರಡು ವಾರದ ರೆಸ್ಟ್. ನನಗೆ ಸಿಟ್ಟು ಬರುವುದು ಆ ಎರಡು ವಾರದ ಮೇಲೆ.

ಬೆಳೆಯುವ ಹುಡುಗ, ವೇಗದ ಬೌಲರ್, ಒಂದೇ ಕಡೆ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ. ಈ ನಾಲ್ಕೂ ಸೇರಿದರೆ ನಾನು ಮೊದಲು ಮೂಳೆಯನ್ನೇ ಅನುಮಾನಿಸುತ್ತೇನೆ. ಸ್ನಾಯು ಹಿಡಿದಿದೆ, ಉಳುಕಿದೆ ಅನ್ನುವುದೆಲ್ಲ ಆಮೇಲೆ. ಬೆನ್ನಿನ ಪ್ರತಿ ಕಶೇರುಕದ ಹಿಂಭಾಗದಲ್ಲಿ ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಮೂಳೆಯ ಒಂದು ಸಣ್ಣ ಪಟ್ಟಿ ಇರುತ್ತದೆ, ಎಡಕ್ಕೊಂದು ಬಲಕ್ಕೊಂದು. ಅದಕ್ಕೆ ಪಾರ್ಸ್ ಅನ್ನುತ್ತೇವೆ. ಬಲಗೈ ಬೌಲರ್ ಎಡಗಾಲನ್ನು ನೆಲಕ್ಕೆ ಊರಿ ಚೆಂಡು ಬಿಡುವ ಆ ಕ್ಷಣದಲ್ಲಿ ಬೆನ್ನು ಹಿಂದಕ್ಕೂ ಬಾಗಿರುತ್ತದೆ, ಎಡಕ್ಕೂ ವಾಲಿರುತ್ತದೆ, ಜೊತೆಗೆ ತಿರುಚಿರುತ್ತದೆ, ಮೇಲಿಂದ ಮೈತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೂಲಕ ಬರುತ್ತದೆ. ಆ ಪೆಟ್ಟೆಲ್ಲ ಕೆಳಗಿನ ಕಶೇರುಕಗಳ ಎಡ ಪಾರ್ಸ್ ಮೇಲೆ ಬೀಳುತ್ತದೆ. ಬಲಗೈ ಬೌಲರ್‌ಗೆ ಎಡಗಡೆ ನೋವು ಬರುವುದು ಇದಕ್ಕೇ. ಕೈ ಯಾವುದೋ ಅದರ ಎದುರು ಬದಿ.

ಸೈಕಲ್ ಕ್ಯಾರಿಯರ್ ಮೇಲೆ ದಿನಾ ಹಾಲಿನ ಕ್ಯಾನ್ ಕಟ್ಟುವವರನ್ನು ಕೇಳಿ. ಕಂಬಿ ಒಂದೇ ದಿನಕ್ಕೆ ಮುರಿಯುವುದಿಲ್ಲ. ಬೆಸುಗೆ ಹತ್ತಿರ ಮೊದಲು ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಮೂಳೆಯೂ ಹಾಗೇ ದಣಿದು ಬಿರುಕು ಬಿಡುತ್ತದೆ, ಅದಕ್ಕೇ ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತೇವೆ. ಆದರೆ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಆ ರಿಪೇರಿಯಲ್ಲಿ ಮೊದಲು ಕೆಟ್ಟ ಮೂಳೆಯನ್ನು ಕೆರೆದು ತೆಗೆಯುವ ಕೆಲಸ, ಆಮೇಲೆ ಹೊಸದನ್ನು ತುಂಬುವ ಕೆಲಸ. ನಡುವಿನ ವಾರಗಳಲ್ಲಿ ಆ ಜಾಗ ಮೊದಲಿಗಿಂತ ಬಡಕಲಾಗಿರುತ್ತದೆ. ನಿಮ್ಮ ಮಗನ ನೋವು ಹೋಗಿದ್ದು ಸರಿಯಾಗಿ ಆ ಹೊತ್ತಿನಲ್ಲಿ. ನೋವು ಎರಡು ಮೂರು ವಾರಕ್ಕೆ ಹೋಗುತ್ತದೆ, ಮೂಳೆ ಕೂಡಲು ತಿಂಗಳುಗಳು ಬೇಕು. ನೋವಿಲ್ಲ ಅಂತ ಮೂರನೇ ವಾರ ಚೆಂಡು ಕೈಗೆ ಕೊಡುವುದು ಅಂದರೆ ಅತ್ಯಂತ ದುರ್ಬಲ ದಿನಗಳಲ್ಲಿ ಅದೇ ಪೆಟ್ಟು ಕೊಟ್ಟ ಹಾಗೆ.

ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅನ್ನುವುದು ಸಮಾಧಾನ ಪಡುವ ವಿಷಯವಲ್ಲ. ಶುರುವಿನ ಹಂತದಲ್ಲಿ ಅದು ಎಕ್ಸ್‌ರೇಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಎಂಆರ್‌ಐ ಮಾಡಿಸಿ. ಆದರೆ ಸುಮ್ನೆ "ಸೊಂಟದ ಎಂಆರ್‌ಐ" ಅಂತ ಚೀಟಿ ಹಿಡಿದು ಹೋಗಬೇಡಿ. ಆಗ ಅವರು ಡಿಸ್ಕ್ ನೋಡುತ್ತಾರೆ, ಸ್ವಲ್ಪ ಉಬ್ಬಿದೆ ಅಂತ ಬರೆಯುತ್ತಾರೆ, ನೋವೇ ಇಲ್ಲದ ಎಷ್ಟೋ ಜನರಲ್ಲೂ ಹಾಗೆ ಉಬ್ಬಿರುತ್ತದೆ, ಮನೆಯವರು ಮಗನಿಗೆ ಡಿಸ್ಕ್ ಜಾರಿದೆ ಅಂತ ಅಳುತ್ತಾ ಬರುತ್ತಾರೆ. ಚೀಟಿಯ ಮೇಲೆ "ವೇಗದ ಬೌಲರ್, ಎಡ ಪಾರ್ಸ್‌ನಲ್ಲಿ ಸ್ಟ್ರೆಸ್ ಅನುಮಾನ" ಅಂತ ಡಾಕ್ಟರ್ ಕೈಯಲ್ಲಿ ಬರೆಸಿ. ಕೊಬ್ಬಿನ ಬಿಳುಪನ್ನು ಅಡಗಿಸಿ ತೆಗೆಯುವ ಸ್ಟಿರ್ ಅನ್ನುವ ಚಿತ್ರಗಳು ಬೇಕು ಅಂತಲೂ ಬರೆಸಿ. ಮೂಳೆಯೊಳಗೆ ನೀರು ತುಂಬಿದ್ದರೆ ಅದರಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಸಿಟಿ ಸ್ಕ್ಯಾನ್ ನಾನು ಎಲ್ಲರಿಗೂ ಹೇಳುವುದಿಲ್ಲ. ಬಿರುಕಿನ ಗೆರೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಹುಡುಗರ ಸೊಂಟಕ್ಕೆ ವಿಕಿರಣ ಕೊಡುವ ಮುಂಚೆ ನಾನು ಎರಡು ಸಲ ಯೋಚಿಸುತ್ತೇನೆ.

ಈಗ ಎಷ್ಟು ದಿನ ಅನ್ನುವುದಕ್ಕೆ ಬರೋಣ. ನಾನು ನೋಡಿಕೊಂಡ ಕೊರಟಗೆರೆ ಕಡೆಯ 16 ವರ್ಷದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನೂ ಬಲಗೈ, ಅವನದೂ ಎಡಗಡೆ. ನೋವು ಎಲ್ಲಿ ಅಂತ ಕೇಳಿದರೆ ಅಂಗೈ ಇಟ್ಟು ತೋರಿಸಲಿಲ್ಲ, ಒಂದೇ ಬೆರಳಿಟ್ಟು ತೋರಿಸಿದ. ಎಡಗಾಲ ಮೇಲೆ ನಿಂತು ಹಿಂದಕ್ಕೆ ಬಾಗು ಅಂದಾಗ ಮುಖ ಕಿವುಚಿದ. ಈ ಪರೀಕ್ಷೆಯೊಂದರಿಂದಲೇ ಏನೂ ತೀರ್ಮಾನ ಮಾಡಬಾರದು, ಆದರೆ ಅನುಮಾನ ಗಟ್ಟಿಯಾಗುತ್ತದೆ. ಯಾರೂ ಲೆಕ್ಕ ಇಟ್ಟಿರಲಿಲ್ಲ, ಕೂರಿಸಿಕೊಂಡು ಬರೆಸಿದೆ. ಮಾರ್ಚ್‌ವರೆಗೆ ವಾರಕ್ಕೆ ಸುಮಾರು 120 ಎಸೆತ. ಏಪ್ರಿಲ್ ಕ್ಯಾಂಪಲ್ಲಿ ಬೆಳಿಗ್ಗೆ, ಸಂಜೆ ನೆಟ್ಸ್, ಭಾನುವಾರ ಟೆನಿಸ್ ಬಾಲ್ ಟೂರ್ನಿ, ಎಲ್ಲ ಸೇರಿ ವಾರಕ್ಕೆ 400 ದಾಟಿತ್ತು. ಅದೂ ಸಿಮೆಂಟ್ ಪಿಚ್ ಮೇಲೆ ಮ್ಯಾಟ್ ಹಾಸಿ. ನಾಲ್ಕನೇ ವಾರಕ್ಕೆ ನೋವು. ಇದರಲ್ಲಿ ಆಶ್ಚರ್ಯ ಏನಿದೆ ಹೇಳಿ?

ಎಂಆರ್‌ಐಯಲ್ಲಿ ಸೊಂಟದ ಐದನೇ ಕಶೇರುಕದ ಎಡ ಪಾರ್ಸ್ ಹೊಳೆಯುತ್ತಿತ್ತು, ಅರ್ಧದವರೆಗೆ ಗೆರೆಯೂ ಇತ್ತು. ಬೌಲಿಂಗ್ ಪೂರ್ತಿ ಬಂದ್ ಮಾಡಿಸಿದೆ. ಎರಡೇ ಓವರ್, ಸುಮ್ನೆ ಸ್ಪಿನ್, ಬೌಂಡರಿಯಿಂದ ಥ್ರೋ, ಯಾವುದೂ ಇಲ್ಲ. ಓಟವೂ ಇಲ್ಲ. ನಡೆಯಬಹುದು, ಶಾಲೆಗೆ ಹೋಗಬಹುದು. ಹಾಸಿಗೆ ಹಿಡಿದು ಮಲಗಿಸುವ ರೆಸ್ಟ್ ನನಗೆ ಬೇಡ, ಅದರಿಂದ ಸ್ನಾಯು ಸೊರಗುತ್ತದೆ ಅಷ್ಟೇ. ದಿನದ ಓಡಾಟದಲ್ಲಿ ನೋವು ನಿಂತ ಮೇಲೆ ಫಿಸಿಯೋ ವ್ಯಾಯಾಮ ಶುರು ಮಾಡಿದರು. ಅಂಗಾತ ಮಲಗಿ ಬೆನ್ನು ನೆಲಕ್ಕೆ ಒತ್ತಿಕೊಂಡೇ ಕೈಕಾಲು ಒಂದೊಂದಾಗಿ ಚಾಚುವುದು, ಪಕ್ಕಕ್ಕೆ ಮೊಣಕೈ ಊರಿ ಪ್ಲಾಂಕ್, ತೊಡೆಯ ಹಿಂದಿನ ಸ್ನಾಯು ಸಡಿಲಿಸುವುದು, ಪೃಷ್ಠದ ಬಲ. ಬೆನ್ನು ಹಿಂದಕ್ಕೆ ಬಾಗಿಸುವ ಯಾವುದೂ ಇರಲಿಲ್ಲ. ಭುಜಂಗಾಸನ ಮಾಡಿಸಿ ಅಂತ ಅವನ ಮಾವ ಹಟ ಹಿಡಿದಿದ್ದರು. ಬೇರೆ ಬೆನ್ನುನೋವಿಗೆ ಅದು ಆಗಿಬರಬಹುದು, ಇದಕ್ಕೆ ವಿಷ.

ಎಂಟನೇ ವಾರ ಅವನು ತಪ್ಪು ಮಾಡಿದ. ಊರಹಬ್ಬದ ಟೂರ್ನಿಯಲ್ಲಿ ಬೌಲರ್ ಸಾಲದು ಅಂತ ಕರೆದರು, ನೋವಿನ ಮಾತ್ರೆ ನುಂಗಿ ಮೂರು ಓವರ್ ಹಾಕಿದ. ಮಾರನೇ ದಿನ ಬಸ್ಸಿನಲ್ಲಿ ಕೂರಲಾಗಲಿಲ್ಲ. ಲೆಕ್ಕ ಮತ್ತೆ ಒಂದರಿಂದ. ಮಾತ್ರೆ ಮೂಳೆಯನ್ನು ಕೂಡಿಸುವುದಿಲ್ಲ, ಎಚ್ಚರಿಕೆಯ ಗಂಟೆಯನ್ನು ಮಾತ್ರ ಕಟ್ಟಿಹಾಕುತ್ತದೆ.

ಎರಡನೇ ಲೆಕ್ಕದಲ್ಲಿ ಹನ್ನೆರಡು ವಾರ ಆದ ಮೇಲೆ ಇನ್ನೊಂದು ಎಂಆರ್‌ಐ ಮಾಡಿಸಿದೆ, ಹೊಳಪು ಬಹುತೇಕ ಇಳಿದಿತ್ತು. ಆಗ ಓಟ ಶುರು. ಹದಿನಾರನೇ ವಾರ ಚೆಂಡು ಕೈಗೆ ಕೊಟ್ಟೆವು. ನಿಂತಲ್ಲಿಂದಲೇ ಹನ್ನೆರಡು ಎಸೆತ, ದಿನ ಬಿಟ್ಟು ದಿನ. ಆಮೇಲೆ ನಡೆದುಬಂದು, ಆಮೇಲೆ ಅರ್ಧ ರನ್‌ಅಪ್. ನನ್ನ ಒಂದೇ ಕಟ್ಟುನಿಟ್ಟು: ಎಸೆತ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬಾರದು, ವೇಗ ಹೆಚ್ಚಿಸಿದ ವಾರ ಎಸೆತ ಹೆಚ್ಚಿಸಬಾರದು. ಆ ಎಡಗಡೆಯ ಚುಚ್ಚು ಒಂದು ಸಲ ಕಂಡರೂ ಅವತ್ತಿಗೆ ನಿಲ್ಲಿಸಿ ನನಗೆ ಫೋನ್ ಮಾಡಬೇಕು. ಇದರ ಜೊತೆಗೇ ಕೋಚ್ ಅವನ ಆಕ್ಷನ್ ತಿದ್ದಿದರು. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಗುವ ಮಿಶ್ರ ಆಕ್ಷನ್ ಅವನದು, ಬೆನ್ನನ್ನು ಹಿಂಡುವುದು ಅದೇ. ಅವನು ಪೂರ್ತಿ ಮ್ಯಾಚ್ ಆಡಿದ್ದು ಎರಡನೇ ಲೆಕ್ಕದ ಏಳನೇ ತಿಂಗಳು. ಮೂರು ಓವರ್ ಹಾಕಿ ಎರಡು ತಿಂಗಳು ಕಳೆದುಕೊಂಡ.

ಹಾಗಾಗಿ ನಿಮ್ಮ ಮಗನಿಗೆ ಕಮ್ಮಿ ಅಂದರೆ ಮೂರು ತಿಂಗಳು ಚೆಂಡು ಮುಟ್ಟುವಂತಿಲ್ಲ, ಗೆರೆ ಮೂಡಿದ್ದರೆ ಮ್ಯಾಚ್‌ಗೆ ಆರರಿಂದ ಒಂಬತ್ತು ತಿಂಗಳು. ಎರಡೂ ಕಡೆ ಬಿರುಕು ಬಿಟ್ಟಿದ್ದರೆ ಕೂಡುವ ಸಾಧ್ಯತೆ ಕಮ್ಮಿ, ಕಶೇರುಕ ಮುಂದಕ್ಕೆ ಸರಿಯಲೂಬಹುದು. ಹಾಗಂತ ಹೆದರಬೇಡಿ. ಮೂಳೆ ಪೂರ್ತಿ ಕೂಡದೆಯೂ ನೋವಿಲ್ಲದೆ ಆಡುವವರಿದ್ದಾರೆ, ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ. ಪ್ಯಾಟ್ ಕಮಿನ್ಸ್ ಮೊದಲ ಟೆಸ್ಟ್ ಆಡಿದ್ದು 2011ರಲ್ಲಿ, 18ನೇ ವಯಸ್ಸಿಗೆ. ಎರಡನೆಯದು 2017ರಲ್ಲಿ, ರಾಂಚಿಯಲ್ಲಿ. ನಡುವೆ ಕಾಡಿದ್ದರಲ್ಲಿ ಬೆನ್ನಿನ ಇದೇ ಸ್ಟ್ರೆಸ್ ಫ್ರಾಕ್ಚರ್ ದೊಡ್ಡದು. ಆಮೇಲೆ ಅವರು ಆಸ್ಟ್ರೇಲಿಯಾದ ನಾಯಕರೇ ಆದರು. ನಿಮ್ಮ ಮಗ ಒಂದು ಸೀಸನ್ ಕಾಯಬಹುದು ಅಲ್ವಾ?

ಪ್ರಶ್ನೆ: ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿದರೆ ಉಳುಕು ಹೋಗುತ್ತಂತೆ. ಮಗನಿಗೆ ಮಾಡಿಸಬಹುದಾ? (ಗೌರಿಬಿದನೂರು)

ಬೇಡ. ಬಿರುಕು ಬಿಟ್ಟ ಮೂಳೆಗೆ ಒದೆಸುತ್ತೀರಾ? ಎಣ್ಣೆ ಹಚ್ಚಿ ಸೊಂಟ ತಿರುಚಿ ಲಟಕ್ ಅನ್ನಿಸುವವರ ಹತ್ತಿರವೂ ಬೇಡ. ಆ ಸದ್ದಿಗೂ ಮೂಳೆ ಕೂಡುವುದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಬೆಲ್ಟ್ ಕಟ್ಟಿಕೊಂಡು ಬೌಲ್ ಮಾಡಬಹುದಾ ಸರ್? (ಶಿರಾ)

ಆಗುವುದಿಲ್ಲ.

ಪ್ರಶ್ನೆ: ಮಗಳು 12 ವರ್ಷ, ಜಿಮ್ನಾಸ್ಟಿಕ್ಸ್ ಮಾಡ್ತಾಳೆ. ಬ್ರಿಡ್ಜ್ ಮಾಡುವಾಗ, ಹಿಂದಕ್ಕೆ ಪಲ್ಟಿ ಹೊಡೆಯುವಾಗ ಸೊಂಟ ನೋವು. ಮೈ ಸಡಿಲ ಆದರೆ ಸರಿ ಹೋಗುತ್ತೆ ಅಂತಾರೆ ಕೋಚ್. (ಕೋಲಾರ)

ಮೈ ಸಡಿಲ ಇರುವುದಕ್ಕೇ ಅವಳು ಅಷ್ಟು ಬಾಗುತ್ತಿದ್ದಾಳೆ. ನೋವು ಶುರುವಾಗಿ ಮೂರು ವಾರ ದಾಟಿದ್ದರೆ ಮೊದಲ ಪ್ರಶ್ನೆಯ ಉತ್ತರ ಅವಳಿಗೂ ಅನ್ವಯಿಸುತ್ತದೆ, ನೋವು ಎರಡೂ ಕಡೆ ಇರಬಹುದು ಅಷ್ಟೇ. ಬ್ರಿಡ್ಜ್, ಪಲ್ಟಿ, ಎತ್ತರದಿಂದ ಹಾರಿ ಇಳಿಯುವುದು ಇವತ್ತೇ ನಿಲ್ಲಿಸಿ. ಇನ್ನೊಂದು ಮಾತು, ಅವಳನ್ನು ತೆಳ್ಳಗಿಡಬೇಕು ಅಂತ ಊಟ ಕಮ್ಮಿ ಮಾಡಿಸುತ್ತಿದ್ದರೆ ಅದನ್ನೂ ನಿಲ್ಲಿಸಿ. ಹೊಟ್ಟೆಗೆ ಸಾಲದಿದ್ದರೆ ಮೂಳೆ ಕೂಡುವುದಿಲ್ಲ.

ಪ್ರಶ್ನೆ: ಮಗನೂ ಬೌಲರ್, 14 ವರ್ಷ. ಆದರೆ ರಾತ್ರಿ ಮಲಗಿದಾಗಲೂ ಬೆನ್ನು ನೋವು, ಸಂಜೆ ಸ್ವಲ್ಪ ಮೈ ಬಿಸಿ, ತೂಕ ಇಳಿದಿದೆ. ಇದೂ ಅದೇನಾ? (ಪಾವಗಡ)

ಇದು ಬೇರೆ ಇರಬಹುದು. ಬೌಲಿಂಗ್ ನೋವು ಮಲಗಿದರೆ ಕಮ್ಮಿಯಾಗುತ್ತದೆ. ಜ್ವರ, ತೂಕ ಇಳಿಯುವುದು, ರಾತ್ರಿ ನೋವು ಸೇರಿದರೆ ಬೆನ್ನುಮೂಳೆಯ ಟಿಬಿ, ಸೋಂಕು, ಗಡ್ಡೆ ಯಾವುದೂ ಅಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು. ನಾಳೆ ಬೆಳಿಗ್ಗೆಯೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಲಲ್ಲಿ ಶಕ್ತಿ ಕಮ್ಮಿಯಾದರೆ, ಮೂತ್ರ ಕಟ್ಟಿದರೆ ಬೆಳಗಿನವರೆಗೂ ಕಾಯಬೇಡಿ.