ಮತ್ತೆ ಮತ್ತೆ ಬರುವ ಉರಿಮೂತ್ರ, ಬಳಸದೆ ಉಳಿದ ಕ್ರೀಮ್

ಮಾನ್ಯ ಸಂಪಾದಕರೇ,

ನನಗೆ 58 ವರ್ಷ. ಮುಟ್ಟು ನಿಂತು ಎಂಟು ವರ್ಷವಾಯಿತು. ಕಳೆದ ಒಂದು ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರವಾಗಿ, ನಾಲ್ಕು ಸಲವೂ ಆಂಟಿಬಯಾಟಿಕ್ ತೆಗೆದುಕೊಂಡೆ. ಎರಡು ಸಲ ಮಾತ್ರ ಮೂತ್ರದ ಕಲ್ಚರ್ ಮಾಡಿಸಿದ್ದರು, ಒಮ್ಮೆ ಇ. ಕೋಲೈ ಬೆಳೆದಿತ್ತು, ಇನ್ನೊಮ್ಮೆ ಏನೂ ಬೆಳೆದಿರಲಿಲ್ಲ. ಕೆಳಗೆ ಸದಾ ಒಣಗಿದ ಹಾಗೆ ಇರುತ್ತದೆ, ಪತಿಯೊಂದಿಗೆ ಸೇರುವಾಗ ನೋವಾಗುತ್ತದೆ. ಸ್ತ್ರೀರೋಗ ತಜ್ಞರು ಯೋನಿಯೊಳಗೆ ಹಾಕಿಕೊಳ್ಳುವ ಈಸ್ಟ್ರಿಯಾಲ್ ಕ್ರೀಮ್ ಬರೆದುಕೊಟ್ಟಿದ್ದಾರೆ. ಅದರ ಜೊತೆಗಿದ್ದ ಚೀಟಿಯಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಎಂದೆಲ್ಲ ಓದಿ ಹೆದರಿ ಹಾಗೆಯೇ ಇಟ್ಟಿದ್ದೇನೆ. ಉರಿಮೂತ್ರಕ್ಕೂ ಈ ಕ್ರೀಮಿಗೂ ಏನು ಸಂಬಂಧ? ಹಾಕಿಕೊಳ್ಳಬಹುದೇ?

— ಹೆಸರು ಬೇಡವೆಂದ ಓದುಗರು

ಸಂಪಾದಕರ ಉತ್ತರ:

ಮಾನ್ಯರೇ, ಒಣಗುವಿಕೆ, ನೋವು, ಉರಿಮೂತ್ರ ಇವು ಮೂರು ಬೇರೆ ಬೇರೆ ಕಾಯಿಲೆಗಳಲ್ಲ. ಮೂರಕ್ಕೂ ಬೇರು ಒಂದೇ ಇರುವ ಸಾಧ್ಯತೆ ಹೆಚ್ಚು, ನಿಮ್ಮ ತಜ್ಞರು ಔಷಧವನ್ನು ಆ ಬೇರಿಗೇ ಬರೆದಿದ್ದಾರೆ. ನೀವು ಇದುವರೆಗೆ ನುಂಗಿದ ಆಂಟಿಬಯಾಟಿಕ್‌ಗಳು ಆಯಾ ಸಲದ ಸೋಂಕನ್ನು ಕಳೆದಿರಬಹುದು. ಆದರೆ ಮುಂದಿನ ಸೋಂಕು ಬರುವ ದಾರಿಯನ್ನು ಅವು ಮುಚ್ಚುವುದಿಲ್ಲ.

ಯೋನಿಯ ಒಳಪದರ, ಮೂತ್ರನಾಳ ಮತ್ತು ಮೂತ್ರಕೋಶದ ಬುಡ ಇವೆಲ್ಲವೂ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಆಸರೆಯಲ್ಲಿರುವ ಭಾಗಗಳು. ನಿಮ್ಮ ಕ್ರೀಮಿನಲ್ಲಿರುವ ಈಸ್ಟ್ರಿಯಾಲ್ ಈಸ್ಟ್ರೋಜೆನ್‌ನದೇ ಒಂದು ಬಗೆ. ಈಸ್ಟ್ರೋಜೆನ್ ಇರುವವರೆಗೆ ಯೋನಿಯ ಒಳಪದರ ದಪ್ಪವಾಗಿರುತ್ತದೆ, ಅದರ ಮೇಲ್ಮೈ ಕೋಶಗಳಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಹಿತಕಾರಿ ಬ್ಯಾಕ್ಟೀರಿಯಾಗಳು ಅದನ್ನು ಬಳಸಿಕೊಂಡು ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುತ್ತವೆ, ಅದರಿಂದ ಯೋನಿಯ ಪಿಎಚ್ ಸುಮಾರು 4ರ ಆಸುಪಾಸಿನಲ್ಲಿ ಹುಳಿಯಾಗಿಯೇ ಉಳಿಯುತ್ತದೆ. ಮುಟ್ಟು ನಿಂತು ಈಸ್ಟ್ರೋಜೆನ್ ಇಳಿದಾಗ ಪದರ ತೆಳುವಾಗುತ್ತದೆ, ಗ್ಲೈಕೋಜೆನ್ ಕಡಿಮೆಯಾಗುತ್ತದೆ, ಆ ಬ್ಯಾಕ್ಟೀರಿಯಾಗಳು ಮರೆಯಾಗಿ ಪಿಎಚ್ 5ನ್ನು ದಾಟುತ್ತದೆ. ಕರುಳಿನಲ್ಲಿ ವಾಸಿಸುವ ಇ. ಕೋಲೈ ಆಗ ಯೋನಿಯ ಬಾಗಿಲಲ್ಲಿ ನೆಲೆಯೂರುತ್ತದೆ. ಅಲ್ಲಿಂದ ಮೂತ್ರನಾಳದ ಬಾಯಿಗೆ ಇರುವ ದೂರ ಬಹಳ ಕಡಿಮೆ. ಬಿಸಿಯೇರುವಿಕೆ, ಬೆವರು ಮುಂತಾದ ತೊಂದರೆಗಳು ಬಹುಪಾಲು ಮಹಿಳೆಯರಲ್ಲಿ ಕೆಲವು ವರ್ಷಗಳಲ್ಲಿ ತಗ್ಗುತ್ತವೆ. ಇದು ಹಾಗಲ್ಲ, ಚಿಕಿತ್ಸೆಯಿಲ್ಲದಿದ್ದರೆ ವರ್ಷಗಳು ಕಳೆದಂತೆ ಹೆಚ್ಚುತ್ತಾ ಹೋಗುತ್ತದೆ. ಮುಟ್ಟು ನಿಂತು ಎಂಟು ವರ್ಷಗಳಾದ ಮೇಲೆ ಇದು ಮುನ್ನೆಲೆಗೆ ಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಸೋಂಕಿಗೂ ಕ್ರೀಮಿಗೂ ಇರುವ ಸಂಬಂಧವನ್ನು ರೌಲ್ ರಾಜ್ ಮತ್ತು ವಾಲ್ಟರ್ ಸ್ಟ್ಯಾಮ್ ಎಂಬ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನವು ಸ್ಪಷ್ಟವಾಗಿ ತೋರಿಸಿತು. ಮುಟ್ಟು ನಿಂತ ಮೇಲೆ ಪದೇ ಪದೇ ಮೂತ್ರದ ಸೋಂಕಾಗುತ್ತಿದ್ದ 93 ಮಹಿಳೆಯರಲ್ಲಿ ಕೆಲವರಿಗೆ ಈಸ್ಟ್ರಿಯಾಲ್ ಕ್ರೀಮನ್ನೂ ಉಳಿದವರಿಗೆ ಔಷಧವಿಲ್ಲದ ಕ್ರೀಮನ್ನೂ ಕೊಡಲಾಗಿತ್ತು. ಬರಿ ಕ್ರೀಮ್ ಪಡೆದವರಲ್ಲಿ ವರ್ಷಕ್ಕೆ ಒಬ್ಬರಿಗೆ ಸರಾಸರಿ 5.9 ಸಲ ಸೋಂಕಾದರೆ, ಈಸ್ಟ್ರಿಯಾಲ್ ಪಡೆದವರಲ್ಲಿ ಅದು 0.5ಕ್ಕೆ ಇಳಿದಿತ್ತು. ಒಂದು ತಿಂಗಳಿನಲ್ಲೇ ಅವರಲ್ಲಿ ಹೆಚ್ಚಿನವರಿಗೆ ಲ್ಯಾಕ್ಟೋಬ್ಯಾಸಿಲಸ್ ಮರಳಿ ಬಂದಿತ್ತು. ಬಾಯಿಯ ಮೂಲಕ ನುಂಗುವ ಈಸ್ಟ್ರೋಜೆನ್ ಮಾತ್ರೆಗಳಿಂದ ಸೋಂಕು ತಡೆಯುವ ಈ ಫಲ ಸಿಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು; ಹಾಕಬೇಕಾದುದು ಆ ಜಾಗಕ್ಕೇ.

ಈಗ ನಿಮ್ಮ ಎರಡು ಕಲ್ಚರ್ ವರದಿಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇದೇ. ಏನೂ ಬೆಳೆಯದಿದ್ದ ಆ ಸಲ ನಿಮಗಾದ ಉರಿಗೆ ಬಹುಶಃ ಸೋಂಕು ಕಾರಣವಾಗಿರಲಿಲ್ಲ, ತೆಳುವಾದ ಪದರವೇ ಕಾರಣವಾಗಿರಬಹುದು. ಸೋಂಕಿನ ಉರಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಏಕಾಏಕಿ ಶುರುವಾಗುತ್ತದೆ, ಒಳಗಿನಿಂದ ಬರುತ್ತದೆ, ಜೊತೆಗೆ ಗಳಿಗೆಗೊಮ್ಮೆ ತಡೆಯಲಾರದಂತೆ ಮೂತ್ರದ ಒತ್ತಡ ಇರುತ್ತದೆ. ಒಣಗಿದ ಪದರದ ಉರಿಯಾದರೋ ಮೂತ್ರ ಹೊರಗಿನ ಚರ್ಮಕ್ಕೆ ತಾಗಿದಾಗ ಚುರುಗುಟ್ಟುತ್ತದೆ ಮತ್ತು ವಾರಗಟ್ಟಲೆ ಹೆಚ್ಚುಕಡಿಮೆ ಒಂದೇ ಸಮನೆ ಇರುತ್ತದೆ. ಗುರುತು ಸದಾ ಇಷ್ಟು ಸ್ಪಷ್ಟವಾಗಿರುವುದಿಲ್ಲವಾದ್ದರಿಂದ, ಇನ್ನು ಮುಂದೆ ಉರಿಯಾದಾಗಲೆಲ್ಲ ಆಂಟಿಬಯಾಟಿಕ್‌ನ ಮೊದಲ ಗುಳಿಗೆ ನುಂಗುವ ಮುನ್ನವೇ, ಮೊದಲ ಧಾರೆಯನ್ನು ಬಿಟ್ಟು ನಡುವಿನ ಮೂತ್ರವನ್ನು ಹಿಡಿದು ಕಲ್ಚರಿಗೆ ಕೊಡಿ. ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ: ಯಾವ ತೊಂದರೆಯೂ ಇಲ್ಲದಾಗ ಸುಮ್ಮನೆ ಮಾಡಿಸಿದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಔಷಧ ಕೊಡುವುದು. ಈ ವಯಸ್ಸಿನಲ್ಲಿ ಅದು ಸಾಮಾನ್ಯ, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸಲ ಸೋಂಕಾದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ನಿಮ್ಮದು ಆ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದನ್ನು ಮುಂದಿನ ಕಲ್ಚರ್‌ಗಳು ಹೇಳುತ್ತವೆ. ಸೇರಲಿ, ಸೇರದಿರಲಿ, ನಿಮ್ಮ ಒಣಗುವಿಕೆ ಮತ್ತು ನೋವುಗಳೇ ಕ್ರೀಮಿಗೆ ಸಾಕಷ್ಟು ಕಾರಣ.

ಚೀಟಿಯಲ್ಲಿ ಓದಿ ಹೆದರಿದ್ದು ಸಹಜ. ಆ ಎಚ್ಚರಿಕೆಗಳು ಇಡೀ ದೇಹಕ್ಕೆ ಹರಡುವ ಹಾರ್ಮೋನ್ ಮಾತ್ರೆಗಳ ಅಧ್ಯಯನಗಳಿಂದ ಬಂದವು, ಯೋನಿಗೆ ಹಾಕುವ ಔಷಧಗಳ ಚೀಟಿಯಲ್ಲೂ ಅವನ್ನೇ ಮುದ್ರಿಸುತ್ತಾ ಬಂದಿದ್ದಾರೆ. ಪ್ರಮಾಣದ ಅಂತರ ನೋಡಿ. ಇದೇ ಬಗೆಯ ಇನ್ನೊಂದು ಔಷಧವಾದ ಯೋನಿಯೊಳಗಿಡುವ ಎಸ್ಟ್ರಾಡಯೋಲ್ ಗುಳಿಗೆಯಲ್ಲಿ 10 ಮೈಕ್ರೋಗ್ರಾಂ ಹಾರ್ಮೋನ್ ಇರುತ್ತದೆ. ಮೊದಲ ಎರಡು ವಾರ ದಿನಕ್ಕೊಂದು, ಆಮೇಲೆ ವಾರಕ್ಕೆರಡರಂತೆ ಇಟ್ಟರೆ ಮೊದಲ ವರ್ಷಕ್ಕೆ ಒಟ್ಟು 114 ಗುಳಿಗೆ, ಅಂದರೆ 1.14 ಮಿಲಿಗ್ರಾಂ. ನುಂಗುವ ಎಸ್ಟ್ರಾಡಯೋಲ್‌ನ 1 ಮಿಲಿಗ್ರಾಂ ಮಾತ್ರೆಯಲ್ಲಿ ಒಂದೇ ದಿನ ಹೆಚ್ಚುಕಡಿಮೆ ಅಷ್ಟು ಒಳಹೋಗುತ್ತದೆ. ಇಷ್ಟು ಕಡಿಮೆ ಪ್ರಮಾಣದಿಂದ ರಕ್ತದಲ್ಲಿನ ಮಟ್ಟ ಸಾಮಾನ್ಯವಾಗಿ ಮುಟ್ಟು ನಿಂತವರಲ್ಲಿ ಇರುವಷ್ಟೇ ಉಳಿಯುತ್ತದೆ. ಯೋನಿಯ ಈಸ್ಟ್ರೋಜೆನ್ ಬಳಸಿದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲೂ ಸ್ತನ ಕ್ಯಾನ್ಸರ್ ಅಥವಾ ಪಾರ್ಶ್ವವಾಯು ಹೆಚ್ಚಿದ್ದು ಕಂಡುಬಂದಿಲ್ಲ. ಹಾಗಾಗಿ ಕೆಳಗೆ ಹೇಳುವ ವಿನಾಯಿತಿಗಳು ನಿಮಗೆ ಅನ್ವಯಿಸದಿದ್ದರೆ, ಹಾಕಿಕೊಳ್ಳಿ ಎಂದೇ ನನ್ನ ಅಭಿಪ್ರಾಯ.

ಈಸ್ಟ್ರಿಯಾಲ್ ಕ್ರೀಮನ್ನು ಸಾಮಾನ್ಯವಾಗಿ 0.5 ಮಿಲಿಗ್ರಾಂ ಪ್ರಮಾಣದಲ್ಲಿ, ಎರಡು ವಾರ ಪ್ರತಿ ರಾತ್ರಿ, ಅನಂತರ ವಾರಕ್ಕೆ ಎರಡು ರಾತ್ರಿ ಬಳಸುತ್ತಾರೆ. ಕ್ರೀಮಿನ ಸಾಂದ್ರತೆ ಬೇರೆ ಬೇರೆಯಾಗಿರುವುದರಿಂದ ಅಪ್ಲಿಕೇಟರನ್ನು ಯಾವ ಗುರುತಿನವರೆಗೆ ತುಂಬಬೇಕೆಂದು ನಿಮ್ಮ ತಜ್ಞರನ್ನೇ ಕೇಳಿ. ಮಲಗುವ ಮುನ್ನ ಹಾಕಿಕೊಂಡರೆ ಹೊರಗೆ ಜಾರುವುದು ಕಡಿಮೆ. ಅಪ್ಲಿಕೇಟರನ್ನು ಬಲವಂತವಾಗಿ ಆಳಕ್ಕೆ ತಳ್ಳಬೇಕಿಲ್ಲ. ಚುಚ್ಚುವಂತಿದ್ದರೆ ಬೆರಳ ತುದಿಯಲ್ಲಿ ತೆಗೆದುಕೊಂಡು ಹಾಕಬಹುದೇ ಎಂದು ಕೇಳಿಕೊಳ್ಳಿ. ಮೊದಮೊದಲು ತೆಳು ಚರ್ಮಕ್ಕೆ ಕ್ರೀಮೇ ಸ್ವಲ್ಪ ಉರಿಸಬಹುದು, ಪದರ ದಪ್ಪವಾದಂತೆ ಅದು ಹೋಗುತ್ತದೆ. ಅನೇಕರು ಎಡವುವುದು ಇಲ್ಲಿಯೇ: ವಾರವೊಂದು ಕಳೆದರೂ ಗುಣ ಕಾಣಲಿಲ್ಲವೆಂದು ಬಿಡುತ್ತಾರೆ, ಇಲ್ಲವೇ ಗುಣವಾಯಿತೆಂದು ನಾಲ್ಕನೆಯ ತಿಂಗಳಲ್ಲಿ ಬಿಡುತ್ತಾರೆ. ಪೂರ್ತಿ ಫಲಕ್ಕೆ ಎರಡು ಮೂರು ತಿಂಗಳು ಬೇಕು, ನಿಲ್ಲಿಸಿದರೆ ಒಣಗುವಿಕೆ ಮರಳುತ್ತದೆ. ಸೇರುವ ಹೊತ್ತಿನ ನೋವಿಗೆ ನೀರು ಆಧಾರಿತ ಲೂಬ್ರಿಕೆಂಟ್ ಬೇರೆಯಾಗಿ ಬಳಸಿ. ಈಸ್ಟ್ರಿಯಾಲ್ ಕ್ರೀಮನ್ನೇ ಅದಕ್ಕೆ ಬಳಸಬೇಡಿ. ಯೋನಿಯೊಳಗೆ ಸೋಪು ಹಾಕಿ ತೊಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ.

ನಿಮಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರೆ, ಅದರಲ್ಲೂ ದೇಹದಲ್ಲಿ ಈಸ್ಟ್ರೋಜೆನ್ ತಯಾರಾಗುವುದನ್ನು ತಡೆಯುವ ಅರೊಮಟೇಸ್ ಇನ್‌ಹಿಬಿಟರ್ ಮಾತ್ರೆ ಸೇವಿಸುತ್ತಿದ್ದರೆ, ಕ್ಯಾನ್ಸರ್ ತಜ್ಞರೊಡನೆ ಮಾತಾಡದೆ ಈ ಕ್ರೀಮ್ ಆರಂಭಿಸಬಾರದು. ಅಂಥವರಿಗೆ ಮೊದಲು ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್‌ಗಳನ್ನು ಕೊಡುತ್ತಾರೆ. ಮುಟ್ಟು ನಿಂತ ಮೇಲೆ ಯೋನಿಯಿಂದ ಒಂದು ಹನಿ ರಕ್ತ ಕಂಡಿದ್ದರೂ ಅದರ ಕಾರಣ ಪತ್ತೆಯಾಗುವವರೆಗೆ ಕಾಯಿರಿ, ಬಳಕೆಯ ನಡುವೆ ಕಂಡರೂ ತಡಮಾಡದೆ ತೋರಿಸಿ. ಚಳಿಜ್ವರ ಮತ್ತು ಸೊಂಟದ ಮೇಲ್ಭಾಗದ ನೋವಿನ ಜೊತೆ ಉರಿಮೂತ್ರವಾದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಆ ದಿನವೇ ವೈದ್ಯರ ಬಳಿ ಹೋಗಿ. ಮೂತ್ರದಲ್ಲಿ ರಕ್ತ ಬಂದರೆ ಕಲ್ಚರ್ ಮಾಡಿಸಿ. ಸೋಂಕಿಲ್ಲದೆ ರಕ್ತ ಬಂದಿದ್ದರೆ, ಅಥವಾ ಸೋಂಕು ಗುಣವಾದ ಮೇಲೂ ರಕ್ತ ಉಳಿದರೆ, ಮೂತ್ರಕೋಶವನ್ನು ಪರೀಕ್ಷಿಸಬೇಕಾಗುತ್ತದೆ.