ಲೆಕ್ಕದ ಮೇಜಿನಿಂದ ಕಪ್ಪಿಂಗ್ ಮೇಜಿಗೆ

*ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರ ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷಗಳಿಂದ ಇದ್ದೇನೆ. ಮನಸ್ಸೆಲ್ಲ ಗುಣಮಟ್ಟ ಪ್ರಯೋಗಾಲಯದ ಕಡೆಗಿದೆ. ಮನೆ ಸಾಲವಿರುವುದರಿಂದ ಕೆಲಸ ಬಿಡಲಾರೆ. ವಿಭಾಗ ಬದಲಿಸಿ ಎಂದರೆ ವ್ಯವಸ್ಥಾಪಕರು ‘ಇವಳು ಹೊರಡುವವಳು’ ಎಂದುಕೊಂಡಾರು. ಏನು ಮಾಡಲಿ?*
— ಹೆಸರು ಬೇಡ

ವಿಭಾಗ ಬದಲಾವಣೆಯನ್ನು ಈಗ ಕೇಳಲೇಬೇಡಿ. ಎರಡು ತಿಂಗಳ ಮಟ್ಟಿಗೆ ಒಂದು ಹೆಚ್ಚುವರಿ ಕೆಲಸ ಕೇಳಿ.

ಅಂಥ ಕೆಲಸ ನಿಮ್ಮ ಮೇಜಿನ ಮೇಲೆಯೇ ಇರಬೇಕಲ್ಲ? ಬೆಳೆಗಾರರು ಹೊಟ್ಟು ಬಿಡಿಸದ ಬೀಜವನ್ನು, ಅಂದರೆ ಪಾರ್ಚ್‌ಮೆಂಟ್ ತಂದು ಹಾಕುತ್ತಾರೆ, ಹೊಟ್ಟು ತೆಗೆಯುವ ಹಲ್ಲಿಂಗ್ ಆದ ಮೇಲೆ ಬಂದ ಕಾಫಿಯ ತೂಕ, ಅಂದರೆ ಔಟ್‌ಟರ್ನ್ ಕಡಿಮೆಯೆಂದು ತಗಾದೆ ತೆಗೆಯುತ್ತಾರೆ. ಹಣ ನಿಲ್ಲುವುದು ನಿಮ್ಮಲ್ಲಿ. ಕಾರಣ ಮಾತ್ರ ಪ್ರಯೋಗಾಲಯದ ಪುಸ್ತಕದಲ್ಲಿರುತ್ತದೆ: ಮಾಲು ಬಂದ ದಿನ ತೇವಾಂಶ ಎಷ್ಟಿತ್ತು, ಕಪ್ಪು ಬೀಜ, ಹುಳು ಕೊರೆದ ಬೀಜ ಎಷ್ಟಿದ್ದವು ಎಂಬುದು. ನನ್ನ ಲೆಕ್ಕ, ಪ್ರಯೋಗಾಲಯದ ದಾಖಲೆ ಎರಡನ್ನೂ ಲಾಟ್‌ವಾರು ಒಂದೇ ಪಟ್ಟಿಯಲ್ಲಿ ತರುತ್ತೇನೆ, ಅದಕ್ಕಾಗಿ ಬೆಳಿಗ್ಗೆ ಎರಡು ಗಂಟೆ ಅಲ್ಲಿ ಕೂರುತ್ತೇನೆ ಎನ್ನಿ. ತಗಾದೆ ಕಡಿಮೆಯಾದರೆ ಲಾಭ ವ್ಯವಸ್ಥಾಪಕರದೇ. ಹಾಗಿದ್ದಾಗ ‘ಹೊರಡುವವಳು’ ಎಂಬ ಅನುಮಾನಕ್ಕೆ ಎಡೆಯೆಲ್ಲಿ? ಆದರೆ ಪ್ರಯೋಗಾಲಯದ ಮುಖ್ಯಸ್ಥರ ಬಳಿ ಮೊದಲು ಹೋಗಬೇಡಿ. ಸುದ್ದಿ ಅಲ್ಲಿಂದ ತಿರುಗಿ ನಿಮ್ಮವರ ಕಿವಿಗೆ ಬಿದ್ದರೆ ಮಾತು ಕೆಟ್ಟಂತೆಯೇ.

ಹೊತ್ತು ನೋಡಿ ಕೇಳಿ. ಮಾರ್ಚ್‌ನಲ್ಲಿ ವರ್ಷಾಂತ್ಯದ ಲೆಕ್ಕ ಬಿಟ್ಟು ನಿಮ್ಮನ್ನು ಯಾರೂ ಕಳಿಸರು. ಮಳೆಗಾಲದಲ್ಲಿ ಕಳಿಸಿಯಾರು, ಆದರೆ ಆಗ ಪ್ರಯೋಗಾಲಯ ತಣ್ಣಗಿರುತ್ತದೆ, ಆ ಕೆಲಸದ ನಿಜರೂಪ ನಿಮಗೆ ಕಾಣುವುದಿಲ್ಲ. ಅರೇಬಿಕಾ ಬಂದು ಬೀಳುವ ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ ಎಂದು ದಿನಾಂಕ ಹಾಕಿ, ನಿಮ್ಮ ಬೆಳಗಿನ ವೋಚರ್ ಕೆಲಸ ಯಾರು ನೋಡುತ್ತಾರೆಂಬುದನ್ನೂ ಸೇರಿಸಿ ಒಂದು ಪುಟದ ಪತ್ರ ಕೊಡಿ. ಮುಗಿಯುವ ದಿನಾಂಕವಿಲ್ಲದ ಹೆಚ್ಚುವರಿ ಕೆಲಸ ಒಂದೇ ಸಂಬಳದ ಎರಡು ಹುದ್ದೆಯಾಗಿಬಿಡುತ್ತದೆ. ನಮ್ಮ ಕಡೆ ಒಪ್ಪಿಕೊಳ್ಳುವ ಹೆಣ್ಣುಮಕ್ಕಳಿಗೆ ಇದು ಬೇಗನೇ ಆಗುತ್ತದೆ.

ಅಲ್ಲಿ ಕೂತಾಗ ನಿಮ್ಮನ್ನೂ ಪರೀಕ್ಷಿಸಿಕೊಳ್ಳಿ. ಮೂರು ಕಪ್ ಇಡಲು ಹೇಳಿ, ಎರಡರಲ್ಲಿ ಒಂದೇ ಕಾಫಿ, ಮೂರನೆಯದು ಬೇರೆ. ಬೇರೆಯದನ್ನು ಗುರುತಿಸಬೇಕು. ಹನ್ನೆರಡು ಸುತ್ತಿನಲ್ಲಿ ನಾಲ್ಕು ಸರಿಯಾದರೆ ಅದು ಬರೀ ಊಹೆ. ಎಂಟು ದಾಟಿದರೆ ನಾಲಿಗೆಗೆ ನಿಜಕ್ಕೂ ತಿಳಿಯುತ್ತಿದೆ. ಆದರೆ ಹೀಗೆ ಕಾಫಿಯ ರುಚಿ ನೋಡುವ ಕಪ್ಪಿಂಗ್ ಎಂಬುದು ಅಲ್ಲಿನ ದಿನದ ಕೆಲಸದಲ್ಲಿ ಒಂದು ಪಾಲು ಮಾತ್ರ. ಉಳಿದ ಹೊತ್ತು ಮಾದರಿ ಹರಡಿಕೊಂಡು ದೋಷದ ಬೀಜ ಎಣಿಸಿ ತೂಗುವುದೇ ಕೆಲಸ. ಎರಡನೇ ತಿಂಗಳಲ್ಲೂ ಅದು ಬೇಸರ ತರಿಸದಿದ್ದರೆ ವರ್ಗಾವಣೆಯ ಮಾತೆತ್ತಿ.

ಆಗ ಸಂಬಳ, ಸೇವಾ ಹಿರಿತನ ಹಾಗೆಯೇ ಉಳಿಯುತ್ತವೆಯೇ ಎಂದು ಕೇಳಿ. ಕಂತು ಕಟ್ಟುವವರು ನೀವು. ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಹಳೆಯ ಮೇಜು ಬಿಟ್ಟುಕೊಡಬೇಡಿ.